ಹೊಕ್ಕುಳಿಗೆ ಏನು ಹಚ್ಚಲಿ?

ಬಾಣಂತಿ ಇರುವ ಮನೆಗೆ ಬಂದವರು ಮಗುವಿನ ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ತೀರ್ಮಾನಿಸಿ ಮುಗಿಸಿದ ಮೇಲೆ ಮೆಲ್ಲಗೆ ಬಟ್ಟೆ ಸರಿಸಿ ಹೊಕ್ಕುಳು ನೋಡುತ್ತಾರೆ. ನೋಡಿ ಸುಮ್ಮನೆ ಎದ್ದು ಹೋದವರನ್ನು ನಾನಂತೂ ಕಂಡಿಲ್ಲ. "ಇದಕ್ಕೇನೂ ಹಚ್ಚಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಹಚ್ಚುವ ವಸ್ತು ಮಾತ್ರ ಊರಿಗೊಂದು, ಮನೆಗೊಂದು, ಅತ್ತೆಗೊಂದು.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಆ ಕಡೆ ಆಕೆ ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸುವ ಮೊರ ಇಡುತ್ತಾರೆ. ಈ ಕಡೆ ನಾನು ಕಾಫಿ ಲೋಟ ಇಟ್ಟು ನಿಲ್ಲುತ್ತೇನೆ. ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತಂದಿದ್ದರು. ಹೆಣ್ಣುಮಗು, ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಗಿ ತಾಯಿ ಮಗು ಮನೆಗೆ ಬಂದಿದ್ದರು. ನಾನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಪೆನ್ಷನ್ ಬರುತ್ತಿದ್ದರೂ ಬೀದಿಯವರ ಪಾಲಿಗೆ ಇನ್ನೂ 'ಸಿಸ್ಟರ್' ಡ್ಯೂಟಿಯಲ್ಲೇ ಇದ್ದಾರೆ.

"ಸಿಸ್ಟರ್, ನನಗೆ ತಲೆ ಕೆಟ್ಟುಹೋಗಿದೆ. ನಮ್ಮತ್ತೆ ಹರಳೆಣ್ಣೆ ಅರಿಶಿನ ಕಲಸಿ ಹಚ್ಚು ಅಂತಾರೆ. ಬೀಗಿತ್ತಿ ಫೋನ್ ಮಾಡಿ ಪೌಡರ್ ಹಾಕಿ ಅಂದ್ರು. ನೀರು ಎರೆಯೋಕೆ ಬರೋಳು ಬೂದಿ ಅಂತಾಳೆ. ಮೆಡಿಕಲ್ ಸ್ಟೋರಿನ ಹುಡುಗ ಒಂದು ಬಾಟ್ಲಿ ಸ್ಪಿರಿಟ್ ಕೊಟ್ಟು ಕಳಿಸಿದ್ದಾನೆ. ಯಾವುದು ಹಚ್ಚಲಿ?"

"ಯಾವುದೂ ಬೇಡ."

"ಮತ್ತೆ ಏನು ಹಚ್ಚೋದು?"

"ಏನೂ ಹಚ್ಚೋದಲ್ಲ. ಹಾಗೇ ಬಿಡೋದು."

ಆಕೆಯ ಮುಖ ಸಪ್ಪಗಾಯಿತು. ಮೂವತ್ತು ವರ್ಷ ಸರ್ವೀಸು ಮಾಡಿದವಳನ್ನು ಕೇಳಿದ್ದಕ್ಕೆ 'ಏನೂ ಇಲ್ಲ' ಎಂಬ ಔಷಧಿ ಸಿಕ್ಕಿದರೆ ಯಾರಿಗಾದರೂ ಬೇಸರವೇ. "ಏನೂ ಮಾಡದೆ ಇರೋಕೆ ನಿಮ್ಮನ್ನ ಯಾಕೆ ಕೇಳಬೇಕಿತ್ತು?" ಎಂದೇಬಿಟ್ಟರು.

ಕೇಳಬೇಕಾಗಿದ್ದು ಅದಕ್ಕೇ. ಮನೆ ತುಂಬ ಹಿರಿಯರಿರುವಾಗ ಒಂದು ವಸ್ತುವಿಗೆ ಏನೂ ಮಾಡದೆ ಕೂರುವುದು ಸುಲಭದ ಕೆಲಸವಲ್ಲ.

"ನೋಡಿ, ನಿಮ್ಮ ಮೊರದಲ್ಲಿ ಸಂಡಿಗೆ ಒಣಗ್ತಾ ಇದೆಯಲ್ಲ. ಅದರ ಮೇಲೆ ಎಣ್ಣೆ ಸುರಿದು, ಬಟ್ಟೆ ಸುತ್ತಿ ಇಟ್ರೆ ಏನಾಗುತ್ತೆ?"

"ಬೂಷ್ಟು ಹಿಡಿಯುತ್ತೆ."

"ಇದೂ ಅಷ್ಟೇ."

ಮಗು ಹೊಟ್ಟೆಯಲ್ಲಿದ್ದಾಗ ಹೊಕ್ಕುಳ ಬಳ್ಳಿಯೊಳಗೆ ಮೂರು ರಕ್ತನಾಳ. ಒಂದು ಅಭಿಧಮನಿ ತಾಯಿಯ ಕಡೆಯಿಂದ ಒಳ್ಳೆಯ ರಕ್ತ ತರುತ್ತದೆ, ಎರಡು ಅಪಧಮನಿಗಳು ಕೆಟ್ಟದ್ದನ್ನು ವಾಪಸು ಒಯ್ಯುತ್ತವೆ. ಅವುಗಳ ಸುತ್ತ ಗಂಜಿಯಂಥ ಅಂಟು ಪದಾರ್ಥ. ಮಗು ಹುಟ್ಟಿ, ಕ್ಲಿಪ್ ಹಾಕಿ ಕತ್ತರಿಸಿದ ಮೇಲೆ ಆ ತುಂಡಿಗೆ ರಕ್ತ ಬರುವುದು ನಿಂತುಹೋಗುತ್ತದೆ. ಅದರಲ್ಲಿ ನೋವು ತಿಳಿಯುವ ನರವಿಲ್ಲ, ಹಾಗಾಗಿ ಕತ್ತರಿಸಿದಾಗ ಮಗುವಿಗೆ ನೋಯುವುದೂ ಇಲ್ಲ. ಅಲ್ಲಿಂದ ಮುಂದೆ ಅದು ಜೀವಂತ ಮೈಗೆ ಅಂಟಿಕೊಂಡಿರುವ ಸತ್ತ ಮಾಂಸ. ಸತ್ತ ಮಾಂಸಕ್ಕೆ ಇರುವುದು ಎರಡೇ ದಾರಿ: ಗಾಳಿ ಆಡಿದರೆ ಒಣಗುತ್ತದೆ, ತೇವ ಉಳಿದರೆ ಕೊಳೆಯುತ್ತದೆ. ನಾವು ಏನೇ ಮಾಡಿದರೂ ಮೊದಲನೆಯ ದಾರಿಗೆ ಅಡ್ಡ ಬರಬಾರದು.

ಹುಟ್ಟಿದ ದಿನ ಬೆಳ್ಳಗೆ ನೀಲಿಯಾಗಿ ಹೊಳೆಯುವ ಆ ಮೋಟು ಎರಡು ಮೂರು ದಿನಕ್ಕೆ ಹಳದಿಗೆ ತಿರುಗಿ ಸುಕ್ಕುಗಟ್ಟುತ್ತದೆ. ಆಮೇಲೆ ಕಂದು, ಆಮೇಲೆ ಕಪ್ಪು, ಕಡೆಗೆ ಕಡ್ಡಿಯಂತೆ ಗಟ್ಟಿ. ಹೊಟ್ಟೆಯ ಚರ್ಮಕ್ಕೆ ಸೇರುವ ಬುಡದಲ್ಲಿ ಮಗುವಿನ ಬಿಳಿ ರಕ್ತಕಣಗಳು ಬಂದು ಸತ್ತದ್ದನ್ನೂ ಜೀವಂತವಾದದ್ದನ್ನೂ ಬೇರ್ಪಡಿಸುತ್ತವೆ. ಸಾಮಾನ್ಯವಾಗಿ 5ರಿಂದ 15 ದಿನದೊಳಗೆ ಉದುರುತ್ತದೆ. ಸಿಸೇರಿಯನ್ ಮಕ್ಕಳಲ್ಲಿ ಒಂದೆರಡು ದಿನ ತಡ. ಬಳ್ಳಿ ಕಪ್ಪಾಯಿತೆಂದು ಗಾಬರಿಯಾಗಿ ಓಡಿಬರುವ ತಂದೆಯರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಪ್ಪಾಗಬೇಕಾದ್ದೇ ಅದು.

ಇಷ್ಟು ಹೇಳುವಷ್ಟರಲ್ಲಿ ಅವರ ಅತ್ತೆ ಜಗಲಿಯಿಂದಲೇ ಮಾತು ಸೇರಿಸಿದರು. "ಅರಿಶಿನ ಗಾಯಕ್ಕೆ ಒಳ್ಳೇದಲ್ವೇನಮ್ಮಾ? ನಾನು ಆರು ಹೆತ್ತೆ, ಆರಕ್ಕೂ ಹಚ್ಚಿದೆ. ಎಲ್ಲ ಗುಂಡುಕಲ್ಲಿನ ಹಾಗಿವೆ."

"ಅಡುಗೆಗೆ ಒಳ್ಳೇದು ಅಜ್ಜಿ. ಆದ್ರೆ ಆ ಡಬ್ಬಿಗೆ ದಿನಕ್ಕೆ ಎಷ್ಟು ಕೈ, ಎಷ್ಟು ಚಮಚ ಹೋಗುತ್ತೆ? ಅದಿರಲಿ, ಅರಿಶಿನ ಹಚ್ಚಿದ ಮೇಲೆ ಸುತ್ತಲಿನ ಚರ್ಮ ಕೆಂಪಾದ್ರೆ ನಿಮಗೆ ಕಾಣಿಸುತ್ತಾ? ಕೀವು ಬಂದ್ರೆ ಅದು ಕೀವೋ ಅರಿಶಿನವೋ ಹೇಗೆ ಗೊತ್ತಾಗಬೇಕು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಾದರು. ಈ ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹೊಕ್ಕುಳಿನ ಸೋಂಕು ಮೊದಲು ಗೊತ್ತಾಗುವುದೇ ಬಣ್ಣದಿಂದ. ಅಲ್ಲಿಗೆ ಹಳದಿ ಬಳಿದರೂ ಒಂದೇ, ಹಿಂದೆ ಬಳಿಯುತ್ತಿದ್ದ ನೇರಳೆ ಔಷಧಿ ಬಳಿದರೂ ಒಂದೇ, ಗುರುತು ಮುಚ್ಚಿಹೋಗುತ್ತದೆ. ಎಣ್ಣೆ ತೇವ ಹಿಡಿದಿಡುತ್ತದೆ. ಪೌಡರ್ ತೇವದ ಜೊತೆ ಸೇರಿ ಬುಡದಲ್ಲಿ ಹೆಪ್ಪುಗಟ್ಟುತ್ತದೆ. ಅದರ ಧೂಳು ಮಗುವಿನ ಉಸಿರಿಗೂ ಹೋಗುತ್ತದೆ. ಸ್ಪಿರಿಟ್ಟನ್ನು ಆಸ್ಪತ್ರೆಗಳಲ್ಲೇ ಒಂದು ಕಾಲದಲ್ಲಿ ಒರೆಸುತ್ತಿದ್ದೆವು. ಒರೆಸಿದ್ದರಿಂದ ಬಳ್ಳಿ ಉದುರುವುದು ತಡವಾಗುತ್ತದೆಯೇ ಹೊರತು ಒಣಗಿಸಿ ಬಿಟ್ಟದ್ದಕ್ಕಿಂತ ಹೆಚ್ಚಿನ ಲಾಭವಿಲ್ಲ ಎಂದು ಗೊತ್ತಾದ ಮೇಲೆ ಆ ಪದ್ಧತಿ ಬಿಟ್ಟುಹೋಯಿತು. ಅಯೋಡಿನ್ ಕಲೆಯ ಕಂದು ಔಷಧಿಯಂತೂ ಎಳೆಯ ಚರ್ಮದ ಮೂಲಕ ಒಳಗಿಳಿದು ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡಬಲ್ಲದು.

"ಹಾಗಾದ್ರೆ ಆ ಕ್ಲೋರ್‌ಹೆಕ್ಸಿಡಿನ್ ಅಂತಾರಲ್ಲ? ನಮ್ಮ ಅಳಿಯಂದ್ರು ಓದಿದ್ರಂತೆ."

ಅಳಿಯ ಓದಿದ್ದು ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹೇಳುವುದು ಹೊಕ್ಕುಳಿಗೆ ಸಗಣಿಯಂಥದ್ದನ್ನು ಮೆತ್ತುವ ರೂಢಿ ಬಲವಾಗಿರುವ ಕಡೆಗೆ. ಹೇಗೂ ಏನಾದರೂ ಹಚ್ಚಿಯೇ ತೀರುತ್ತಾರೆ, ಹಚ್ಚುವುದಾದರೆ ಇದನ್ನಾದರೂ ಮೊದಲ ವಾರ ದಿನಕ್ಕೊಮ್ಮೆ ಹಚ್ಚಲಿ ಎಂಬ ಲೆಕ್ಕ. ಆಸ್ಪತ್ರೆಯಲ್ಲಿ ಹುಟ್ಟಿ, ಶುಚಿಯಾದ ಮನೆಗೆ ಬಂದ ಮಗುವಿಗೆ ಒಣಗಿಸಿ ಬಿಡುವುದೇ ಸಾಕು. ವೈದ್ಯರು ನಿಮ್ಮ ಮಗುವಿಗೆಂದೇ ಬರೆದುಕೊಟ್ಟಿದ್ದರೆ ಅದು ಬೇರೆ ವಿಷಯ.

ಸಗಣಿ, ಬೂದಿ, ಮಣ್ಣಿನ ಮಾತು ಬಂದದ್ದರಿಂದ ಅಜ್ಜಿಗೆ ಇನ್ನೊಂದು ನೆನಪಿಸಿದೆ. "ನಿಮ್ಮ ಕಾಲದಲ್ಲಿ ಚೆನ್ನಾಗಿ ಹಾಲು ಕುಡೀತಿದ್ದ ಕೂಸು ವಾರದೊಳಗೆ ಬಾಯಿ ಕಚ್ಚಿಕೊಂಡು, ಸೆಟೆದುಕೊಂಡು ಹೋಗಿಬಿಡ್ತಿತ್ತಲ್ಲ?" ಅಜ್ಜಿಗೆ ನೆನಪಿತ್ತು. "ನಮ್ಮ ಓರಗಿತ್ತಿದು ಹಾಗೇ ಹೋಯ್ತು. ಗಾಳಿ ಸೋಕು ಅಂದ್ರು" ಎಂದರು. ಗಾಳಿಯಲ್ಲ, ಧನುರ್ವಾಯು. ಅದರ ಬೀಜಾಣು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹಸಿ ಹೊಕ್ಕುಳಿಗೆ ಸೇರಿ, ಮೇಲೆ ಮೆತ್ತಿದ್ದರಿಂದ ಗಾಳಿಯಾಡದೆ ಹೋದರೆ ಅಲ್ಲೇ ಬೆಳೆದು ವಿಷ ಬಿಡುತ್ತದೆ. 3ರಿಂದ 28 ದಿನದೊಳಗೆ ಮಗು ಮೊಲೆ ಚೀಪಲಾರದೆ, ಮೈ ಬಿಲ್ಲಾಗುತ್ತದೆ. ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆ ಹೆರಿಗೆ, ಹೊಸ ಬ್ಲೇಡು, ಏನೂ ಮೆತ್ತದ ಹೊಕ್ಕುಳು, ಇವುಗಳಿಂದ 2015ರಲ್ಲಿ ಭಾರತ ಈ ರೋಗವನ್ನು ನಿವಾರಿಸಿದ ದೇಶಗಳ ಪಟ್ಟಿಗೆ ಸೇರಿತು. ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಆ ಮಾತಿನ ಅರ್ಥ. ಬೀಜಾಣು ಮಣ್ಣು ಬಿಟ್ಟು ಹೋಗಿಲ್ಲ.

ಹಚ್ಚುವ ಪಂಚಾಯಿತಿ ಮುಗಿಯಿತು ಅನ್ನುವಾಗ ಎರೆಯುವ ಪಂಚಾಯಿತಿ ಶುರುವಾಯಿತು. ನೀರು ಎರೆಯುವಾಕೆ ಬಂದು ಹಂಡೆಯ ಮುಂದೆ ಕೂತಿದ್ದಾಳೆ. ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ತಲೆಯಿಂದ ಪಾದದ ತನಕ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಉಜ್ಜಿ, ಚೊಂಬು ಚೊಂಬು ನೀರು ಹುಯ್ಯಬೇಕು. ಅದು ಅವಳ ಕಸುಬು, ಕೈಯೂ ಹದವಾದದ್ದೇ. ಆದರೆ ಬಳ್ಳಿ ಉದುರದ ಮಗುವಿಗೆ ಹೀಗೆ ಎರೆದರೆ ಎಣ್ಣೆ, ಹಿಟ್ಟು, ನೀರು ಮೂರೂ ಸೇರಿದ ಮುದ್ದೆ ಹೊಕ್ಕುಳ ಬುಡದಲ್ಲಿ ಕೂತುಬಿಡುತ್ತದೆ.

"ಬಳ್ಳಿ ಬೀಳೋ ತನಕ ಒರೆಸೋ ಸ್ನಾನ ಸಾಕು" ಎಂದೆ. ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ, ಮಗುವಿನ ಮೈ ತಣ್ಣಗಾಗುತ್ತದೆ. ಆಮೇಲೂ ದಿನಾ ಒರೆಸಬೇಕೆಂದಿಲ್ಲ. ವಾರಕ್ಕೆ ಎರಡು ಮೂರು ಸಲ ಒರೆಸಿ, ಉಳಿದ ದಿನ ಮುಖ, ಕುತ್ತಿಗೆಯ ಮಡಿಕೆ, ಕುಂಡೆ ಶುಚಿ ಮಾಡಿದರಾಯಿತು.

ಹೇಗೆಂದು ಕೇಳಿದ್ದಕ್ಕೆ ಕಾಂಪೌಂಡು ದಾಟಿ ಹೋಗಿ ಮಾಡಿಯೇ ತೋರಿಸಿದೆ. ಮೊದಲು ಸೋಪು ಹಚ್ಚಿ ಕೈ ತೊಳೆದದ್ದು. ಬಾಗಿಲು ಮುಚ್ಚಿ ಫ್ಯಾನ್ ಆರಿಸಿದ್ದು. ನೀರು ಉಗುರುಬೆಚ್ಚಗೆ, ನೋಡುವುದು ಬೆರಳಿನಿಂದಲ್ಲ, ಮೊಣಕೈಯಿಂದ. ಅಡುಗೆ ಮಾಡಿ ಮಾಡಿ ನಮ್ಮ ಬೆರಳು ದಪ್ಪವಾಗಿರುತ್ತವೆ, ಬಿಸಿ ತಿಳಿಯುವುದಿಲ್ಲ. ಮಗುವಿಗೆ ಟವೆಲ್ ಹೊದಿಸಿಯೇ ಇಟ್ಟು, ಒರೆಸುವ ಭಾಗವನ್ನಷ್ಟೇ ತೆರೆಯಬೇಕು. ಹಳೇ ಪಂಚೆಯ ಮೆತ್ತನೆ ತುಂಡನ್ನು ಅದ್ದಿ, ಚೆನ್ನಾಗಿ ಹಿಂಡಿ, ಮೊದಲು ಕಣ್ಣು ಮುಖ, ಆಮೇಲೆ ಕಿವಿಯ ಹಿಂದೆ, ಕುತ್ತಿಗೆ, ಕಂಕುಳು, ಕೈಕಾಲು, ಬೆನ್ನು. ತೊಡೆಸಂದು, ಕುಂಡೆ ಎಲ್ಲಕ್ಕಿಂತ ಕಡೆಗೆ. ಅಲ್ಲಿ ಒರೆಸಿದ ಬಟ್ಟೆ ಮತ್ತೆ ಮೇಲಕ್ಕೆ ಬರಕೂಡದು. ಹೊಕ್ಕುಳನ್ನು ಸುಮ್ಮನೆ ಬಿಟ್ಟೆ. ಎಣ್ಣೆ ನೀವುವುದಿದ್ದರೆ ಕೈಕಾಲು ಬೆನ್ನಿಗೆ ಬೇಕಾದರೆ ನೀವಲಿ, ಹೊಟ್ಟೆಯ ನಡುವಿಗೆ ಬೇಡ.

"ನೀರು ತಾಗಿಬಿಟ್ರೆ?" ಎಂದಳು ಬಾಣಂತಿ. ಆ ಹುಡುಗಿಗೆ ಅದೇ ಭಯ. ತಾಗಿದರೆ ಪ್ರಳಯವೇನೂ ಆಗುವುದಿಲ್ಲ. ಟಬ್ಬಿನಲ್ಲೇ ಸ್ನಾನ ಮಾಡಿಸಿದ ಮಕ್ಕಳನ್ನೂ ಒರೆಸಿದ ಮಕ್ಕಳನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಹೊಕ್ಕುಳಿನ ಸೋಂಕಿಗೆ ಅಂಥ ವ್ಯತ್ಯಾಸ ಕಂಡಿಲ್ಲ. ಕೆಡುಕಾಗುವುದು ಒದ್ದೆಯಾಗಿಯೇ ಬಟ್ಟೆ ಕಟ್ಟಿದಾಗ. ತಾಗಿದ ನೀರನ್ನು ಒಣಬಟ್ಟೆಯ ಮೂಲೆಯಿಂದ, ಉಜ್ಜದೆ, ಒತ್ತಿ ತೆಗೆದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಬಟ್ಟೆ ಹಾಕಿದರೆ ಮುಗಿಯಿತು. ಒಣಗಿಸಲೆಂದು ಸಾಂಬ್ರಾಣಿ ಹೊಗೆ ಹಿಡಿಯುವುದು ಬೇಡ, ಅದು ಹೊಕ್ಕುಳಿಗಿಂತ ಮೊದಲು ಶ್ವಾಸಕೋಶಕ್ಕೆ ಹೋಗುತ್ತದೆ.

ಸ್ನಾನಕ್ಕಿಂತ ಹೆಚ್ಚು ತೇವ ತರುವುದು ಲಂಗೋಟಿ. ಅದನ್ನು ಹೊಕ್ಕುಳ ಮೇಲಕ್ಕೆಳೆದು ಗಂಟು ಹಾಕುವ ರೂಢಿ ನಮ್ಮಲ್ಲಿ ಬಹಳ. ಮಗು ಉಚ್ಚೆ ಹುಯ್ದಾಗಲೆಲ್ಲ ಬಳ್ಳಿ ನೆನೆಯುತ್ತದೆ. ಬಟ್ಟೆಯದಾಗಲಿ, ಅಂಗಡಿಯ ಡೈಪರ್ ಆಗಲಿ, ಮುಂಭಾಗವನ್ನು ಮಡಿಚಿ ಹೊಕ್ಕುಳ ಕೆಳಗೇ ನಿಲ್ಲಿಸಬೇಕು. ಗಂಡುಮಗುವಾದರೆ ಮೂತ್ರ ಮೇಲಕ್ಕೇ ಚಿಮ್ಮುವುದರಿಂದ ಇನ್ನೂ ಜಾಗ್ರತೆ. ಹೊಟ್ಟೆಗೆ ಪಟ್ಟಿ ಬೇಡ. ಸಡಿಲವಾದ ಜಬಲಾ ಸಾಕು.

ಆರನೇ ದಿನ ರಾತ್ರಿ ಕಾಂಪೌಂಡಿನ ಆ ಕಡೆಯಿಂದ ಕೂಗು ಬಂತು. "ಸಿಸ್ಟರ್, ಹೊಕ್ಕುಳಿಂದ ಏನೋ ಬರ್ತಾ ಇದೆ, ವಾಸನೆಯೂ ಇದೆ!" ಟಾರ್ಚ್ ಹಿಡಿದು ಹೋದೆ. ಬಳ್ಳಿ ಕಪ್ಪಾಗಿ, ಬುಡದಲ್ಲಿ ಒಂದು ಕಡೆ ಬಿಟ್ಟುಕೊಂಡಿತ್ತು. ಆ ಸಂದಿನಲ್ಲಿ ಹಳದಿ ಅಂಟು ಒಂಚೂರು. ಮೂಗು ಹತ್ತಿರ ಒಯ್ದರೆ ಮಂದವಾದ ವಾಸನೆ.

ಇಂಥ ಹೊತ್ತಿನಲ್ಲಿ ನಾನು ಬಳ್ಳಿಯನ್ನು ನೋಡುವುದು ಕಡೆಗೆ. ಮೊದಲು ನೋಡುವುದು ಸುತ್ತಲಿನ ಚರ್ಮ. ಅದು ಹೊಟ್ಟೆಯ ಉಳಿದ ಭಾಗದ ಬಣ್ಣದಲ್ಲೇ ಇತ್ತು. ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮೆತ್ತಗಿತ್ತು, ಬಿಸಿಯಿರಲಿಲ್ಲ, ಮಗು ಅಳಲಿಲ್ಲ. ಆಮೇಲೆ ಮಗುವನ್ನೇ ನೋಡಿದೆ: ಹಾಲು ಕುಡಿಯುತ್ತಿದೆ, ಅಂಗಾಲು ತಟ್ಟಿದರೆ ಚಟಪಟ ಒದೆಯುತ್ತದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.8 ಡಿಗ್ರಿ ಸೆಲ್ಸಿಯಸ್. ಎಲ್ಲ ಸರಿಯಿದೆ. ಬಿಡಿಸಿಕೊಳ್ಳುವ ಬುಡದಲ್ಲಿ ಅಷ್ಟು ಅಂಟು ಬರುವುದೇ. ತೇವ ಹೆಚ್ಚಿದ್ದಕ್ಕೆ ಕಾರಣವೂ ಕಣ್ಣೆದುರೇ ಇತ್ತು: ರಾತ್ರಿಗೆಂದು ಕಟ್ಟಿದ ಡೈಪರ್ ಹೊಕ್ಕುಳ ಮೇಲೆ ಎರಡು ಬೆರಳು ಏರಿ ಕೂತಿತ್ತು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಸಂದನ್ನು ಒರೆಸಿ, ಒಣ ಹತ್ತಿಯಿಂದ ಒತ್ತಿ, ಡೈಪರ್ ಮಡಿಚಿ ಕೆಳಗಿಳಿಸಿದೆ. ಮಾರನೇ ದಿನಕ್ಕೆ ಒಣಗಿತ್ತು.

ಹಾಗಾದರೆ ಸೋಂಕು ಹೇಗಿರುತ್ತದೆ? ವಾರ್ಡಿಗೆ ಬಂದಿದ್ದ ಒಂದು ಮಗುವಿನ ಕಥೆ ಅವರಿಗೆ ಹೇಳಿದೆ. ಎಂಟು ದಿನದ ಕೂಸು, ಹೊಕ್ಕುಳಿಗೆ ಏನೋ ಸೊಪ್ಪು ಅರೆದು ಹಾಕಿ ಬಟ್ಟೆ ಬಿಗಿದಿದ್ದರು. ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ, ಕೀವು, ಸುತ್ತ ಚರ್ಮ ಕೆಂಪಗೆ ಊದಿ ಗಟ್ಟಿಯಾಗಿತ್ತು. ಮುಟ್ಟಿದರೆ ಕಿರುಚುತ್ತಿತ್ತು. ಡಾಕ್ಟರು ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದರು. ರಕ್ತ ತೆಗೆದು, ಆ್ಯಂಟಿಬಯಾಟಿಕ್ ಶುರು ಮಾಡುವ ಹೊತ್ತಿಗೇ ಕೆಂಪು ಗೆರೆ ದಾಟಿ ಹೊಟ್ಟೆಯ ಮೇಲೆ ಹರಡುತ್ತಿತ್ತು. ಹಾಲು ಬಿಟ್ಟಿತ್ತು. ರಕ್ತನಾಳದ ಮೂಲಕವೇ ದಿನಗಟ್ಟಲೆ ಔಷಧಿ ಕೊಟ್ಟ ಮೇಲೆ ಕೆಂಪು ಹಿಂದೆ ಸರಿಯಿತು, ಮಗು ಮನೆಗೆ ಹೋಯಿತು.

ಇಷ್ಟು ಚಿಕ್ಕ ಗಾಯಕ್ಕೆ ಇಷ್ಟು ಅವಸರ ಏಕೆಂದರೆ ಹೊಕ್ಕುಳ ಹಿಂದೆ ದಾರಿ ಇನ್ನೂ ತೆರೆದೇ ಇರುತ್ತದೆ. ಬಳ್ಳಿಯ ಅಭಿಧಮನಿ ನೇರ ಲಿವರಿಗೆ, ಅಲ್ಲಿಂದ ಹೃದಯದ ಕಡೆಗೆ ಹೋಗುವಂಥದ್ದು. ಹುಟ್ಟಿದ ಕೆಲವು ದಿನ ಅದು ಪೂರ್ತಿ ಮುಚ್ಚಿರುವುದಿಲ್ಲ. ಹೊರಗಿನ ಕೀವು ಒಳಗೆ ರಕ್ತಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಡ. ರಕ್ತಕ್ಕೆ ಇಳಿದ ಮೇಲೆ ಎಳೆಮಗುವಿಗೆ ಜ್ವರ ಬರಲೇಬೇಕೆಂದೂ ಇಲ್ಲ. 37.5 ಡಿಗ್ರಿ ಮುಟ್ಟಿದರೂ ಅಪಾಯ, 35.5ಕ್ಕಿಂತ ಇಳಿದು ಮೈ ತಣ್ಣಗಾದರೂ ಅಪಾಯ. ಎಬ್ಬಿಸಿದರೂ ಏಳದ, ಹಾಲಿಗೆ ಬಾಯಿ ಹಾಕದ ಮಗುವನ್ನು "ಪಾಪ, ಒಳ್ಳೇ ಮಗು, ಮಲಗಿಯೇ ಇರುತ್ತೆ" ಎಂದು ಹೊಗಳುತ್ತ ಕೂರಬಾರದು.

ಎರಡನೇ ವಾರದಲ್ಲಿ ಬಳ್ಳಿ ಕ್ಲಿಪ್ಪಿನ ಸಮೇತ ಲಂಗೋಟಿಯಲ್ಲಿ ಸಿಕ್ಕಿತು. ಅದಕ್ಕೆ ಮೊದಲು ಎರಡು ದಿನ ಒಂದೇ ನೂಲಿನಲ್ಲಿ ತೂಗಾಡುತ್ತಿದ್ದುದನ್ನು ನೋಡಲಾರದೆ ಅಜ್ಜಿಯ ಕೈ ತುರಿಸುತ್ತಿತ್ತು. ಎಳೆಯಬೇಡಿ ಎಂದು ಕಾಂಪೌಂಡಿನಿಂದಲೇ ಕಾವಲು ಕಾದೆ. ಎಳೆದರೆ ಇನ್ನೂ ಮಾಗದ ಬುಡ ಹರಿದು ರಕ್ತ ಬರುತ್ತದೆ. ತಾನಾಗಿ ಉದುರಿದಾಗ ಬಟ್ಟೆಗೆ ಎರಡು ಮೂರು ತೊಟ್ಟು ರಕ್ತ ತಾಗುವುದು ಸಹಜ. ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದೆ ಜಿನುಗಿದರೆ ಮಾತ್ರ ಆಸ್ಪತ್ರೆಗೆ ಹೋಗಬೇಕು, ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೋ ಇಲ್ಲವೋ ಅಲ್ಲಿ ಹೇಳಬೇಕು.

ಉದುರಿದ ಮೇಲೆ ಒಳಗೆ ಗುಲಾಬಿ ಬಣ್ಣದ ಸಣ್ಣ ಗಡ್ಡೆ ಉಳಿದು ಒದ್ದೆಯೊದ್ದೆಯಾಗಿಯೇ ಇದ್ದರೆ ಅದು ಹೆಚ್ಚು ಬೆಳೆದ ಎಳೆಮಾಂಸ. ನೋವಿಲ್ಲ, ಸೋಂಕೂ ಅಲ್ಲ. ವೈದ್ಯರು ಔಷಧಿ ತಾಗಿಸಿ ಒಣಗಿಸುತ್ತಾರೆ. ಒಣಗದೆ ನೀರಿನಂಥದ್ದು ದಿನಾ ಬರುತ್ತಿದ್ದರೆ ಮೂತ್ರಕೋಶದ ದಾರಿ ಮುಚ್ಚದೆ ಉಳಿದಿದೆಯೇ ಎಂದು ನೋಡಿಸಬೇಕು. ಮೂರು ವಾರವಾದರೂ ಬಳ್ಳಿ ಉದುರದಿದ್ದರೂ ತೋರಿಸಬೇಕು. ಹೊಕ್ಕುಳು ಉಬ್ಬಿದೆಯೆಂದು ನಾಣ್ಯ ಇಟ್ಟು ಕಟ್ಟುವುದು ಬೇಡ, ಹೆಚ್ಚಿನವು ಮಗು ಬೆಳೆಯುತ್ತ ತಾವಾಗಿಯೇ ಒಳಗೆ ಹೋಗುತ್ತವೆ.

ಅಜ್ಜಿ ಒಣಗಿದ ಬಳ್ಳಿಯನ್ನು ತೊಳೆದು ಬೆಳ್ಳಿ ತಾಯಿತಕ್ಕೆ ಹಾಕಿಸಬೇಕೆಂದರು. ಹಾಕಿಸಿ ಪೆಟ್ಟಿಗೆಯಲ್ಲಿಡಿ, ತೇಯ್ದು ಮಗುವಿಗೆ ನೆಕ್ಕಿಸಬೇಡಿ ಎಂದೆ. ಒಪ್ಪಿದರು. ಹೊಕ್ಕುಳು ಒಣಗಿದ ಮೇಲೆ ಎರೆಯುವಾಕೆಗೂ ಹಂಡೆ ಬಿಟ್ಟುಕೊಟ್ಟೆವು.

ನಿಮ್ಮ ಮನೆಯಲ್ಲೂ ಬಾಣಂತಿಯಿದ್ದರೆ, ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಬಂದಾಗ ಚಹಾ ಕೊಟ್ಟು ಕಳಿಸಬೇಡಿ, ಮಗುವಿನ ಬಟ್ಟೆ ಬಿಚ್ಚಿ ಹೊಕ್ಕುಳು ತೋರಿಸಿ. ಬಳ್ಳಿಯ ಬುಡ ಬಿಟ್ಟು ಕೆಂಪು ಹೊಟ್ಟೆಯ ಚರ್ಮಕ್ಕೆ ಕಾಲಿಟ್ಟಿದ್ದರೆ, ಕೀವು ಬಂದರೆ, ಅಥವಾ ಮಗು ಹಾಲು ಬಿಟ್ಟರೆ, ಬೆಳಗಾಗಲಿ ಎಂದು ಕಾಯಬೇಡಿ. ಏನೂ ಹಚ್ಚದೆ, ಹಾಗೇ ಎತ್ತಿಕೊಂಡು ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.